ಕೈಗೇ ಕೊಡದ ಷರತ್ತು: ಕ್ಲೇಮ್ ರಿಜೆಕ್ಟ್ ಆದಾಗ ಉತ್ತರ ಬರೆಯುವುದು ಹೇಗೆ

(ಬಳಕೆದಾರರ ಹಕ್ಕುಗಳ ಬಗ್ಗೆ ನಡೆದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಂಪನಿಗಳು ಷರತ್ತು ತೋರಿಸಿ ‘ಆಗಲ್ಲ’ ಅನ್ನುವ ಜಾಗಗಳು ಬಹಳ ಇವೆ. ಕೊರಿಯರ್, ಲಾಂಡ್ರಿ, ಪಾರ್ಕಿಂಗ್, ವಾರಂಟಿ. ಇವತ್ತು ನಾನು ಆರೋಗ್ಯ ವಿಮೆ ಒಂದನ್ನೇ ಹಿಡಿದುಕೊಳ್ಳುತ್ತೇನೆ. ಅಲ್ಲಿ ದುಡ್ಡು ಜಾಸ್ತಿ, ಷರತ್ತೂ ಜಾಸ್ತಿ, ಮತ್ತು ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಸ್ಪಷ್ಟವಾಗಿ ಮಾತಾಡಿರುವುದು ವಿಮೆಯ ಕೇಸುಗಳಲ್ಲೇ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹೆಸರು, ಊರು, ಮೊತ್ತ ಎಲ್ಲ ನಾನೇ ಇಟ್ಟದ್ದು. ಆದರೆ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವಂಥದ್ದೇ.

ದಾವಣಗೆರೆಯ ಬಸವರಾಜ ಎಫ್‌ಡಿ ಮಾಡಿಸಲು ಬ್ಯಾಂಕಿಗೆ ಹೋಗುತ್ತಾನೆ. ಅಲ್ಲಿ ಟೇಬಲ್ ಹಾಕಿಕೊಂಡು ಕೂತ ಹುಡುಗ ‘ಅಮ್ಮನಿಗೆ ಒಂದು ಹೆಲ್ತ್ ಪಾಲಿಸಿ ಮಾಡಿಸಿಬಿಡಿ ಸರ್, ಐದು ಲಕ್ಷ ಕವರ್’ ಅನ್ನುತ್ತಾನೆ. ಅವನೇ ಟ್ಯಾಬ್‌ನಲ್ಲಿ ಫಾರಂ ತುಂಬುತ್ತಾನೆ. ಬಸವರಾಜನ ಫೋನಿಗೆ ಒಂದು ಓಟಿಪಿ ಬರುತ್ತದೆ, ಹೇಳುತ್ತಾನೆ. ಖಾತೆಯಿಂದ 14,800 ರೂಪಾಯಿ ಕಟ್ ಆಗುತ್ತದೆ. ಇದು 2024ರ ಆಗಸ್ಟ್. ವಾರದ ನಂತರ ಮನೆಗೆ ಒಂದು ಕವರ್ ಬರುತ್ತದೆ. ಒಳಗಿರುವುದು ಒಂದೇ ಹಾಳೆ. ಅಮ್ಮನ ಹೆಸರು, ವಯಸ್ಸು, ಪಾಲಿಸಿ ನಂಬರ್, ವಿಮಾ ಮೊತ್ತ. ಕೆಳಗೆ ಸಣ್ಣಕ್ಷರದಲ್ಲಿ ‘ಷರತ್ತು ಮತ್ತು ನಿಬಂಧನೆಗಳು ಅನ್ವಯಿಸುತ್ತವೆ.’ ಅಷ್ಟೇ.

2025ರ ಜೂನ್‌ನಲ್ಲಿ ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು ಅಂತ ಗೊತ್ತಾಗಿ ಆಪರೇಷನ್ ಆಗುತ್ತದೆ. ಬಿಲ್ಲು 92,000 ರೂಪಾಯಿ. ಕ್ಲೇಮ್ ಹಾಕಿದರೆ ಹತ್ತು ಸಾಲಿನ ಈಮೇಲ್: ‘ನಿಗದಿತ ಕಾಯಿಲೆಗಳಿಗೆ 24 ತಿಂಗಳ ಕಾಯುವ ಅವಧಿ ಇದೆ. ಷರತ್ತು 4.2, Excl02. ಆದ್ದರಿಂದ ಕ್ಲೇಮ್ ತಿರಸ್ಕರಿಸಲಾಗಿದೆ.’

Excl02 ಅನ್ನುವುದು ಆ ಕಂಪನಿಯ ಗುಟ್ಟಿನ ಸಂಕೇತವೇನಲ್ಲ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ಥರ ಇಟ್ಟಿರುವ ಸಂಖ್ಯೆ. 01 ಅಂದರೆ ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ, 02 ಅಂದರೆ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಕಾಯುವ ಅವಧಿ, 03 ಅಂದರೆ ಮೊದಲ ಮೂವತ್ತು ದಿನ. ನಿಮ್ಮ ಪತ್ರದಲ್ಲಿ ಯಾವ ಸಂಖ್ಯೆ ಇದೆ ಅಂತ ಮೊದಲು ನೋಡಿ. ‘ಕಾಯಿಲೆ ಮುಚ್ಚಿಟ್ಟಿದ್ದೀರಿ’ ಅಂತ ರಿಜೆಕ್ಟ್ ಮಾಡಿದ್ದರೆ ಅದು ಬೇರೆ ಜಗಳ. ಪ್ರಪೋಸಲ್ ಫಾರಂನಲ್ಲಿ, ಅಂದರೆ ಪಾಲಿಸಿ ಕೇಳಿ ತುಂಬುವ ಅರ್ಜಿಯಲ್ಲಿ, ನೀವು ಏನು ಹೇಳಿದ್ದೀರಿ ಅನ್ನುವುದರ ಮೇಲೆ ಅದು ನಿಲ್ಲುತ್ತದೆ. ನಾನು ಇವತ್ತು ಹೇಳುವುದು ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈಗ ಬಸವರಾಜ ಏನು ಮಾಡುತ್ತಾನೆ? ಸಿಟ್ಟಿನಲ್ಲಿ ಅವತ್ತೇ ರಾತ್ರಿ ಉತ್ತರ ಬರೆಯುತ್ತಾನೆ. ‘ಎರಡು ವರ್ಷ ಕಾಯಬೇಕು ಅಂತ ಇದ್ದರೂ ನಮ್ಮಮ್ಮನಿಗೆ ತುರ್ತಾಗಿ ಆಪರೇಷನ್ ಮಾಡಬೇಕಾಯಿತು. ದಯವಿಟ್ಟು ಮಾನವೀಯತೆಯಿಂದ ಪರಿಗಣಿಸಿ.’

ಈ ಎರಡು ವಾಕ್ಯದಲ್ಲಿ ಅವನು ತನ್ನ ಕೈಯಲ್ಲಿದ್ದ ದೊಡ್ಡ ಅಸ್ತ್ರವನ್ನೇ ಬಿಟ್ಟುಕೊಟ್ಟ. ‘ಅಂತ ಇದ್ದರೂ’ ಅಂದಮೇಲೆ ಷರತ್ತು ಇದೆ, ನನಗೆ ಗೊತ್ತಿತ್ತು, ಅದು ನನಗೆ ಅನ್ವಯಿಸುತ್ತದೆ ಅಂತ ಒಪ್ಪಿಕೊಂಡ ಹಾಗೆ. ನಾಳೆ ಎಲ್ಲೇ ಹೋದರೂ ಕಂಪನಿಯ ವಕೀಲರು ತೆಗೆದು ತೋರಿಸುವುದು ಈ ಈಮೇಲನ್ನೇ.

ಹಾಗಾಗಿ ನನ್ನ ಮುಖ್ಯ ಮಾತು ಇದು. ಷರತ್ತಿನ ಅರ್ಥದ ಬಗ್ಗೆ ಜಗಳ ಆಡುವ ಮೊದಲು, ಆ ಷರತ್ತು ನಿಮಗೆ ತಲುಪಿತ್ತಾ ಅನ್ನುವ ಪ್ರಶ್ನೆ ಎತ್ತಿ. ಈ ಕ್ರಮ ತಲೆಕೆಳಗಾದರೆ ಏನಾಗುತ್ತದೆ ಅಂತ ತೋರಿಸಲು ಒಂದು ಕೇಸು ಹೇಳುತ್ತೇನೆ.

ಭಾರತ್ ವಾಚ್ ಕಂಪನಿ ಅಂತ ಒಂದು ವ್ಯಾಪಾರಿ ಸಂಸ್ಥೆ. ಕಳ್ಳತನದ ವಿಮೆ ಮಾಡಿಸಿದ್ದರು. ಕಳ್ಳತನ ಆಯಿತು, ಕ್ಲೇಮ್ ಹಾಕಿದರು. ವಿಮಾ ಕಂಪನಿ ಹೇಳಿತು: ಬೀಗವೋ ಬಾಗಿಲೋ ಒಡೆದು ಬಲವಂತವಾಗಿ ನುಗ್ಗಿದ್ದರೆ ಮಾತ್ರ ಕೊಡುತ್ತೇವೆ, ಷರತ್ತಿನಲ್ಲಿದೆ. ಗ್ರಾಹಕರ ದೂರು ಕೇಳುವ ಜಿಲ್ಲಾ ವೇದಿಕೆ ವಿಚಾರಣೆ ಮಾಡಿ, ಈ ಷರತ್ತುಗಳನ್ನು ಇವರಿಗೆ ಕೊಟ್ಟೇ ಇಲ್ಲ ಅಂತ ಕಂಡುಕೊಂಡಿತು. ರಾಜ್ಯ ಆಯೋಗವೂ ಅದನ್ನೇ ಹೇಳಿತು. ಆದರೆ ರಾಜ್ಯ ಆಯೋಗ ಅಲ್ಲಿಗೆ ನಿಲ್ಲಿಸದೆ, ಷರತ್ತು ಹೇಗೂ ಈ ಕಳ್ಳತನಕ್ಕೆ ಅಡ್ಡ ಬರುವುದಿಲ್ಲ ಅಂತ ಅದರ ಅರ್ಥವನ್ನೂ ಬಿಡಿಸಿತು. ರಾಷ್ಟ್ರೀಯ ಆಯೋಗಕ್ಕೆ ಹೋದಾಗ ಕಣ್ಣೆಲ್ಲ ಆ ಅರ್ಥದ ಮೇಲೆ ಬಿತ್ತು. 2004ರಲ್ಲಿ ಹರ್‌ಚಂದ್ ರಾಯ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅಂಥದೇ ಷರತ್ತನ್ನು ಕಂಪನಿ ಪರವಾಗಿ ಓದಿತ್ತು. ಸರಿ, ಗ್ರಾಹಕರು ಸೋತರು.

2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಅದು ಹೇಳಿದ್ದನ್ನು ಗಮನವಿಟ್ಟು ಕೇಳಿ. ರಾಜ್ಯ ಆಯೋಗ ಬಿಡಿಸಿದ ಅರ್ಥ ತಪ್ಪೇ. ಆದರೆ ಷರತ್ತನ್ನು ಕೊಟ್ಟಿದ್ದರೆ ತಾನೇ ಅದರ ಅರ್ಥದ ಪ್ರಶ್ನೆ ಬರುವುದು? ಕೊಟ್ಟಿಲ್ಲ ಅಂತ ಕೆಳಗಿನ ಎರಡೂ ಕಡೆ ಸಾಬೀತಾಗಿರುವಾಗ, ಅರ್ಥದ ಬಗ್ಗೆ ತೀರ್ಪು ಕೊಡುವ ಸಂದರ್ಭವೇ ಇರಲಿಲ್ಲ. ‘ಹಿಂದಿನ ವರ್ಷಗಳಲ್ಲೂ ಪಾಲಿಸಿ ತಗೊಂಡಿದ್ದರು, ಹಾಗಾಗಿ ಅವರಿಗೆ ಗೊತ್ತಿತ್ತು’ ಅನ್ನುವ ಕಂಪನಿಯ ವಾದವೂ ನಿಲ್ಲಲಿಲ್ಲ.

ಅಂದರೆ ಅರ್ಥದ ಜಗಳದಲ್ಲಿ ಸೋತೇ ಹೋಗುತ್ತಿದ್ದವರು, ‘ನಮಗೆ ಕೊಟ್ಟಿಲ್ಲ’ ಅನ್ನುವ ಜಗಳದಲ್ಲಿ ಗೆದ್ದರು. ಅದೂ ಯಾಕೆ? ಮೊದಲ ದಿನದಿಂದ ಜಿಲ್ಲಾ ವೇದಿಕೆಯಲ್ಲೇ ಆ ಮಾತನ್ನು ದಾಖಲು ಮಾಡಿಸಿದ್ದರು. ಮೇಲಿನ ಕೋರ್ಟಿಗೆ ಹೋದಮೇಲೆ ನೆನಪಾಗಿ ಹೇಳಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಇದಕ್ಕೂ ಹಿಂದಿನದು 2000ದ ಮಾಡರ್ನ್ ಇನ್ಸುಲೇಟರ್ಸ್ ಕೇಸು. ಅಲ್ಲಿ ಕಂಪನಿ ಕೊಟ್ಟಿದ್ದು ಕವರ್ ನೋಟ್ ಅನ್ನುವ ತಾತ್ಕಾಲಿಕ ವಿಮಾ ಪತ್ರ ಮತ್ತು ಹೆಸರು, ಮೊತ್ತದಂಥ ವಿವರ ಇರುವ ಪಾಲಿಸಿಯ ಷೆಡ್ಯೂಲ್ ಮಾತ್ರ. ಹೊರಗಿಡುವ ಷರತ್ತು ಇದ್ದದ್ದು ಬೇರೆ ಕಾಗದದಲ್ಲಿ. ಅದನ್ನು ತಿಳಿಸದೇ ಇದ್ದಮೇಲೆ ಕಂಪನಿ ಅದರ ಲಾಭ ಪಡೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಬಸವರಾಜನ ಒಂದೇ ಹಾಳೆಗೆ ಇದು ಹೆಚ್ಚು ಹತ್ತಿರ.

ಈಗ ಒಂದು ಕಟುವಾದ ಮಾತು. ‘ನಾನು ನೋಡಿಲ್ಲ’ ಮತ್ತು ‘ನನಗೆ ಕೊಟ್ಟಿಲ್ಲ’ ಎರಡೂ ಒಂದೇ ಅಲ್ಲ. ಪುಸ್ತಕ ಮನೆಗೆ ಬಂದಿತ್ತು, ಬೀರುವಿನಲ್ಲಿ ಇಟ್ಟೆ, ಓದಲಿಲ್ಲ ಅಂದರೆ ಅದು ನಿಮ್ಮ ತಲೆನೋವು. 1996ರಲ್ಲಿ ಭಾರತಿ ನಿಟ್ಟಿಂಗ್ ಅನ್ನುವವರು ಡಿಎಚ್‌ಎಲ್ ಕೊರಿಯರ್ ವಿರುದ್ಧ ಸುಪ್ರೀಂ ಕೋರ್ಟಿನವರೆಗೂ ಹೋದರು. ರಸೀದಿಯಲ್ಲಿ ಹೊಣೆ 100 ಡಾಲರ್‌ಗೆ ಸೀಮಿತ ಅಂತಿತ್ತು. ಅದಕ್ಕೆ ಸಹಿ ಬಿದ್ದಿತ್ತು. ಅಷ್ಟೇ ಸಿಕ್ಕಿದ್ದು. ಸಹಿ ಇದ್ದ ಕಾಗದದಲ್ಲೇ ಷರತ್ತು ಇದ್ದರೆ ‘ಓದಿಲ್ಲ’ ಅನ್ನುವುದು ಸಾಮಾನ್ಯವಾಗಿ ನಡೆಯುವುದಿಲ್ಲ.

ಹಾಗಾಗಿ ಪತ್ರ ಬರೆಯುವ ಮುಂಚೆ ಮನೆಯಲ್ಲೇ ಒಂದು ಹುಡುಕಾಟ ಮಾಡಿ. ಪ್ರಾಮಾಣಿಕವಾಗಿ ಮಾಡಿ, ಯಾಕೆಂದರೆ ಕಂಪನಿ ನಾಳೆ ದಾಖಲೆ ತೆಗೆದರೆ ನಿಮ್ಮ ಇಡೀ ಮಾತೇ ಸುಳ್ಳಾಗುತ್ತದೆ. ಈಮೇಲ್‌ನಲ್ಲಿ ಪಾಲಿಸಿ ನಂಬರ್ ಹಾಕಿ ಹುಡುಕಿ. ಸ್ಪ್ಯಾಮ್, ಪ್ರಮೋಷನ್ಸ್ ಎಲ್ಲ ನೋಡಿ. ಎಸ್‌ಎಂಎಸ್‌ನಲ್ಲಿ, ವಾಟ್ಸಾಪ್‌ನಲ್ಲಿ ಲಿಂಕ್ ಬಂದಿತ್ತಾ ನೋಡಿ. ಬಂದಿದ್ದರೆ ಅದನ್ನು ಒತ್ತಿದರೆ ಏನು ತೆರೆಯುತ್ತದೆ? ನೇರ ಷರತ್ತಿನ ಪಿಡಿಎಫ್ ತೆರೆದರೆ ಕಂಪನಿಯ ಕೈ ಮೇಲು. ಕಂಪನಿಯ ಮುಖಪುಟಕ್ಕೆ ಹೋಗಿ ನಿಂತರೆ, ಅಥವಾ ಲಿಂಕ್ ಸತ್ತಿದ್ದರೆ, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಆಮೇಲೆ ಕೈಯಲ್ಲಿರುವ ಹಾಳೆಯಲ್ಲಿ ಈಮೇಲ್ ಐಡಿ ಮತ್ತು ಮೊಬೈಲ್ ನಂಬರ್ ಯಾರದು ಅಂತ ನೋಡಿ. ಇಲ್ಲೇ ಎಷ್ಟೋ ಕೇಸು ಬಯಲಾಗುವುದು. ಮಾರಿದ ಹುಡುಗ ಅವಸರಕ್ಕೆ ತನ್ನದೇ ಈಮೇಲ್ ಹಾಕಿರುತ್ತಾನೆ. ಕಂಪನಿ ‘ನಾವು ಕಳಿಸಿದ್ದೇವೆ’ ಅನ್ನುವುದು ನಿಜವೇ. ಕಳಿಸಿದ್ದು ಅವನಿಗೆ!

ಬಸವರಾಜನ ಹಾಳೆಯಲ್ಲಿ ಮೊಬೈಲ್ ನಂಬರ್ ಅವನದೇ, ಈಮೇಲ್ ಮಾತ್ರ ಗುರುತಿಲ್ಲದ್ದು. ಅವನ ಎರಡನೇ ಪತ್ರ ಹೀಗಿರಬೇಕಿತ್ತು, ಅಥವಾ ಮೊದಲನೆಯದೇ ಹೀಗಿರಬೇಕಿತ್ತು:

‘ನಿಮ್ಮ ತಿರಸ್ಕಾರ ಪತ್ರ ತಲುಪಿದೆ. ಅದರಲ್ಲಿ ಷರತ್ತು 4.2 ಅನ್ನು ಉಲ್ಲೇಖಿಸಿದ್ದೀರಿ. ಪಾಲಿಸಿ ಕೊಂಡ ನಂತರ ನನಗೆ ತಲುಪಿದ್ದು ಒಂದು ಹಾಳೆಯ ಪಾಲಿಸಿ ಷೆಡ್ಯೂಲ್ ಮಾತ್ರ. ಪ್ರತಿ ಲಗತ್ತಿಸಿದ್ದೇನೆ. ಅದರಲ್ಲಿ ಷರತ್ತು 4.2 ಇಲ್ಲ. ಪಾಲಿಸಿಯ ಷರತ್ತುಗಳ ಪ್ರತಿಯಾಗಲಿ, ಗ್ರಾಹಕ ಮಾಹಿತಿ ಪತ್ರವಾಗಲಿ ನನಗೆ ಈವರೆಗೆ ತಲುಪಿಲ್ಲ. ಷೆಡ್ಯೂಲ್‌ನಲ್ಲಿ ನಮೂದಾಗಿರುವ ಈಮೇಲ್ ವಿಳಾಸ ನನ್ನದಲ್ಲ.

ಕೆಳಗಿನ ದಾಖಲೆಗಳನ್ನು ಕಳಿಸಿಕೊಡಿ: ನನ್ನ ಸಹಿ ಅಥವಾ ಓಟಿಪಿ ಇರುವ ಪ್ರಪೋಸಲ್ ಫಾರಂ, ಷರತ್ತುಗಳನ್ನು ಯಾವ ದಿನ, ಯಾವ ವಿಳಾಸಕ್ಕೆ, ಯಾವ ಮಾರ್ಗದಲ್ಲಿ ಕಳಿಸಿದಿರಿ ಮತ್ತು ತಲುಪಿದ್ದಕ್ಕೆ ಏನು ದಾಖಲೆ, ಗ್ರಾಹಕ ಮಾಹಿತಿ ಪತ್ರಕ್ಕೆ ನಾನು ಕೊಟ್ಟ ಸ್ವೀಕೃತಿ, ಈ ತಿರಸ್ಕಾರವನ್ನು ಒಪ್ಪಿದ ಕ್ಲೇಮ್ ಪರಿಶೀಲನಾ ಸಮಿತಿಯ ನಿರ್ಧಾರ.

ತಿಳಿಸದ ಷರತ್ತಿನ ಆಧಾರದ ಮೇಲೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಮಾಡರ್ನ್ ಇನ್ಸುಲೇಟರ್ಸ್ (2000) ಮತ್ತು ಭಾರತ್ ವಾಚ್ ಕಂಪನಿ (2019) ಪ್ರಕರಣಗಳಲ್ಲಿ ಹೇಳಿದೆ. ಆದ್ದರಿಂದ ತಿರಸ್ಕಾರವನ್ನು ಹಿಂಪಡೆದು 92,000 ರೂಪಾಯಿ ಪಾವತಿಸಿ. ಷರತ್ತಿನ ಅರ್ಥ ಮತ್ತು ಅನ್ವಯದ ಬಗ್ಗೆ ನನ್ನ ಆಕ್ಷೇಪಗಳನ್ನು ಕಾಯ್ದಿರಿಸಿಕೊಂಡಿದ್ದೇನೆ.’

ಇಷ್ಟೇ. ಅಮ್ಮನ ನೋವು, ಬ್ಯಾಂಕಿನ ಮೋಸ, ಇಪ್ಪತ್ತು ವರ್ಷದ ಗ್ರಾಹಕ, ಯಾವುದೂ ಬೇಡ. ಆ ಕೊನೆಯ ವಾಕ್ಯ ಮಾತ್ರ ಬಿಡಬೇಡಿ. ಅರ್ಥದ ಜಗಳಕ್ಕೆ ಮುಂದೆ ಬೇಕಾದರೆ ಬರಬಹುದು ಅಂತ ಬಾಗಿಲು ತೆರೆದಿಟ್ಟುಕೊಂಡ ಹಾಗೆ.

ಪತ್ರದಲ್ಲಿ ಎರಡು ಹೊಸ ಹೆಸರು ಬಂದವು. ಗ್ರಾಹಕ ಮಾಹಿತಿ ಪತ್ರ ಅಂದರೆ ಕಸ್ಟಮರ್ ಇನ್ಫರ್ಮೇಷನ್ ಶೀಟ್. ಏನು ಕವರ್ ಆಗುತ್ತದೆ, ಏನು ಆಗುವುದಿಲ್ಲ, ಕಾಯುವ ಅವಧಿ ಎಷ್ಟು ಅನ್ನುವುದನ್ನು ಸರಳವಾಗಿ ಬರೆದ ಕಾಗದ. 2024ರ ಜನವರಿ 1ರಿಂದ ಹೊಸ ನಮೂನೆ ಜಾರಿಯಲ್ಲಿದೆ. ಆರೋಗ್ಯ ವಿಮೆ ಕೊಂಡವರಿಗೆ ಇದನ್ನು ಕಳಿಸಿ, ತಲುಪಿತು ಅಂತ ಕಾಗದದಲ್ಲೋ ಡಿಜಿಟಲ್ ಆಗಿಯೋ ಸ್ವೀಕೃತಿ ಪಡೆಯಬೇಕು. ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ನಮೂನೆಯ ಕೊನೆಯಲ್ಲಿ ‘ಓದಿ ತಿಳಿದುಕೊಂಡಿದ್ದೇನೆ’ ಅಂತ ಸಹಿಗೆ ಜಾಗವೇ ಇದೆ. ಆ ಸಹಿ ಖಾಲಿ ಇದ್ದರೆ ಕಂಪನಿ ಏನು ಹೇಳುತ್ತದೆ ನೋಡೋಣ ಅನ್ನುವುದೇ ನಮ್ಮ ಪ್ರಶ್ನೆ.

ಎರಡನೆಯದು ಕ್ಲೇಮ್ ಪರಿಶೀಲನಾ ಸಮಿತಿ. 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ, ಕಂಪನಿಯೊಳಗಿನ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಆರೋಗ್ಯ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ತಿರಸ್ಕಾರ ಪತ್ರದಲ್ಲಿ ಯಾವ ಷರತ್ತು ಅಂತ ನಿರ್ದಿಷ್ಟವಾಗಿ ಹೇಳಬೇಕು. ಕೇಳಿದ ತಕ್ಷಣ ದುಡ್ಡು ಬರುತ್ತದೆ ಅಂತಲ್ಲ. ಆದರೆ ಅಚ್ಚು ಹಾಕಿದ ಉತ್ತರ ಕಳಿಸಿ ಕೈತೊಳೆದುಕೊಳ್ಳುವುದು ಕಷ್ಟವಾಗುತ್ತದೆ.

ಇದಕ್ಕೆ ಕಂಪನಿಯಿಂದ ಬರುವ ಉತ್ತರ ಹೇಗಿರುತ್ತದೆ? ಬಹಳ ಸಲ ನಲವತ್ತು ಪುಟದ ಪಿಡಿಎಫ್ ಲಗತ್ತಿಸಿ ‘ನಿಮ್ಮ ಅವಗಾಹನೆಗೆ’ ಅಂತ ಕಳಿಸುತ್ತಾರೆ. ನೀವು ಕೇಳಿದ್ದ, ಷರತ್ತು ಕಳಿಸಿದ್ದಕ್ಕೆ ದಾಖಲೆ ಮಾತ್ರ ಇರುವುದಿಲ್ಲ. ಇಲ್ಲಿ ಸುಮ್ನೆ ಇರಬೇಡಿ. ಅವತ್ತೇ ಒಂದು ಸಾಲು ಬರೆದು ಹಾಕಿ: ‘ಷರತ್ತುಗಳ ಪ್ರತಿ ನನಗೆ ಮೊದಲ ಬಾರಿಗೆ ಸಿಕ್ಕಿದ್ದು ಇಂದು, ಕ್ಲೇಮ್ ತಿರಸ್ಕರಿಸಿದ ನಂತರ.’ ಇಲ್ಲದಿದ್ದರೆ ನಾಳೆ ‘ಅವರ ಹತ್ತಿರ ಇದೆಯಲ್ಲ’ ಅಂತಾರೆ.

ಆ ಪಿಡಿಎಫ್‌ನ ಅಡಿಯಲ್ಲಿ UIN ಅಂತ ಆ ವಿಮಾ ಯೋಜನೆಯನ್ನು ಗುರುತಿಸುವ ಒಂದು ಉದ್ದನೆಯ ಸಂಖ್ಯೆ ಇರುತ್ತದೆ. ಅದರಲ್ಲಿ V02, V03 ಥರ ಆವೃತ್ತಿಯ ಗುರುತು ಬರುತ್ತದೆ. ನಿಮ್ಮ ಷೆಡ್ಯೂಲ್‌ನಲ್ಲೂ UIN ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಂದದಿದ್ದರೆ ನಿಮಗೆ ಕಳಿಸಿರುವುದು ನಿಮ್ಮ ಪಾಲಿಸಿಯ ಷರತ್ತೇ ಅಲ್ಲ. ವೆಬ್‌ಸೈಟ್‌ನಲ್ಲಿ ಇವತ್ತು ಇರುವುದನ್ನು ಇಳಿಸಿ ಕಳಿಸಿದಾಗ ಹೀಗಾಗುತ್ತದೆ.

ಇನ್ನೊಂದು ಉತ್ತರ: ‘ಓಟಿಪಿ ಕೊಟ್ಟಿದ್ದೀರಿ, ಅಂದರೆ ಎಲ್ಲ ಷರತ್ತು ಒಪ್ಪಿದ್ದೀರಿ.’ ಇದನ್ನು ಹಗುರವಾಗಿ ತಗೋಬೇಡಿ. ಆ ಪುಟದಲ್ಲಿ ಕಾಯುವ ಅವಧಿ ಸ್ಪಷ್ಟವಾಗಿ ಬರೆದಿದ್ದರೆ ನಿಮ್ಮ ವಾದ ಸೊರಗುತ್ತದೆ. ಆದ್ದರಿಂದ ಕೇಳಬೇಕಾದ್ದು ಇಷ್ಟೇ: ಓಟಿಪಿ ಕೇಳಿದಾಗ ಪರದೆಯ ಮೇಲೆ, ಎಸ್‌ಎಂಎಸ್‌ನಲ್ಲಿ ಏನು ಬರಹ ಇತ್ತು? ಅದರ ದಾಖಲೆ ಕೊಡಿ. ಬಸವರಾಜ ಒಪ್ಪಿದ್ದು ಪ್ರಪೋಸಲ್ ಅನ್ನು. ಆ ಹೊತ್ತಿಗೆ ಪಾಲಿಸಿ ಇನ್ನೂ ತಯಾರೇ ಆಗಿರಲಿಲ್ಲ. ಟ್ಯಾಬ್ ಮಾರುವವನ ಕೈಯಲ್ಲಿತ್ತು, ಬಸವರಾಜ ನೋಡಿದ್ದು ಆರು ಅಂಕಿ ಮಾತ್ರ.

‘ಮೂವತ್ತು ದಿನದ ಫ್ರೀ ಲುಕ್ ಅವಧಿಯಲ್ಲಿ ಯಾಕೆ ಆಕ್ಷೇಪ ಎತ್ತಲಿಲ್ಲ?’ ಅಂತಲೂ ಕೇಳುತ್ತಾರೆ. ಫ್ರೀ ಲುಕ್ ಅಂದರೆ ಪಾಲಿಸಿ ಓದಿ, ಬೇಡ ಅನಿಸಿದರೆ ವಾಪಸ್ ಕೊಡಬಹುದಾದ ಅವಧಿ. ಆ ಮೂವತ್ತು ದಿನದ ಲೆಕ್ಕ ಶುರುವಾಗುವುದು ಪಾಲಿಸಿ ದಾಖಲೆ ಕೈಸೇರಿದ ದಿನದಿಂದ. ಕೈಸೇರದೇ ಇದ್ದರೆ? ಆದರೂ ಇಲ್ಲಿ ನಮ್ಮ ಕಡೆಯ ದುರ್ಬಲ ಜಾಗ ಒಂದಿದೆ. ಷರತ್ತು ಬಂದಿಲ್ಲ ಅಂತ ಹತ್ತು ತಿಂಗಳು ಯಾಕೆ ಕೇಳಲಿಲ್ಲ ಅಂತ, ವಿಮೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರಿಯಾದ ಓಂಬುಡ್ಸ್‌ಮನ್ ಕೇಳಬಹುದು. ‘ಒಂದು ಹಾಳೆ ಬಂತು, ಅದೇ ಪಾಲಿಸಿ ಅಂದುಕೊಂಡೆ’ ಅನ್ನುವುದು ನಿಜವಾದರೆ ಅದನ್ನೇ ಹೇಳಿ. ಹೆಚ್ಚು ಬಣ್ಣ ಕಟ್ಟಬೇಡಿ.

ಇನ್ನು ಮೊದಲ ತಿರಸ್ಕಾರ ಪತ್ರವನ್ನು ಜೋಪಾನವಾಗಿಡಿ. ಕಂಪನಿ ಆ ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಆಮೇಲೆ ಕೋರ್ಟಿನಲ್ಲಿ ಎತ್ತುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2016ರ ಗಲಾಡಾ ಪವರ್ ಕೇಸಿನಲ್ಲಿ ಹೇಳಿದೆ. ಬಸವರಾಜನಿಗೆ ಬಂದ ಪತ್ರದಲ್ಲಿ Excl02 ಒಂದೇ ಇದೆ. ಮೂರು ತಿಂಗಳಾದ ಮೇಲೆ ‘ಕಲ್ಲು ಮೊದಲೇ ಇತ್ತು’ ಅಂತ ಶುರು ಮಾಡಿದರೆ ಆ ಪತ್ರವನ್ನು ಮುಂದಿಡಿ.

ಕೆಲವು ಪ್ರಶ್ನೆಗಳು ಬಂದವು.

ಒಬ್ಬರು ಕೇಳಿದರು: ‘ಸರ್, ಬ್ಯಾಂಕಿನವರ ಮೇಲೆ ಏನೂ ಇಲ್ವಾ? ಮಾರಿದ್ದು ಅವರೇ ಅಲ್ವಾ?’

ಖಂಡಿತ ಬರೆಯಿರಿ. ಆದರೆ ಬೈಯಲು ಅಲ್ಲ. ಶಾಖಾ ಮ್ಯಾನೇಜರ್‌ಗೆ ಒಂದೇ ಪ್ರಶ್ನೆ ಬರೆದು ಕೊಟ್ಟು ಸೀಲ್ ಹಾಕಿಸಿಕೊಳ್ಳಿ: ‘ಪಾಲಿಸಿ ಕೊಡುವಾಗ ನನಗೆ ಕೊಡಲು ಕಂಪನಿಯಿಂದ ನಿಮಗೆ ಯಾವ ಯಾವ ಕಾಗದ ಬಂದಿತ್ತು? ಏನು ಕೊಟ್ಟಿರಿ?’ ಬ್ಯಾಂಕಿನವರು ತಮ್ಮ ಮೈಮೇಲೆ ಬರದಿರಲಿ ಅಂತ ‘ನಾವು ಷೆಡ್ಯೂಲ್ ಮಾತ್ರ ಕೊಟ್ಟಿದ್ದು, ಉಳಿದದ್ದು ಕಂಪನಿ ನೇರವಾಗಿ ಕಳಿಸಬೇಕು’ ಅಂತ ಬರೆದುಕೊಟ್ಟರೆ, ಅದಕ್ಕಿಂತ ಒಳ್ಳೆಯ ಸಾಕ್ಷಿ ನಿಮಗೆ ಬೇರೆ ಸಿಗುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೇಳಿದರು: ‘ನಾನು ಆಗಲೇ ಬಸವರಾಜನ ಥರ ಒಂದು ಈಮೇಲ್ ಬರೆದುಬಿಟ್ಟಿದ್ದೀನಲ್ಲ, ಈಗ?’

ಮುಗಿದುಹೋಯಿತು ಅಂತಲ್ಲ ಅಕ್ಕ. ಆ ಈಮೇಲ್ ಬರೆದಾಗ ಷರತ್ತು ನಿಮಗೆ ಗೊತ್ತಾಗಿದ್ದು ಎಲ್ಲಿಂದ? ತಿರಸ್ಕಾರ ಪತ್ರದಿಂದಲೇ ಅಲ್ವಾ? ಹಾಗಿದ್ದರೆ ಅದನ್ನೇ ಬರೆಯಿರಿ. ‘ನನ್ನ ಹಿಂದಿನ ಈಮೇಲ್‌ನಲ್ಲಿ ಕಾಯುವ ಅವಧಿಯ ಬಗ್ಗೆ ಹೇಳಿದ್ದು ನಿಮ್ಮ ಪತ್ರ ಓದಿದ ಮೇಲೆ. ಅದಕ್ಕೆ ಮೊದಲು ಆ ಷರತ್ತನ್ನು ನನಗೆ ತಿಳಿಸಿರಲಿಲ್ಲ.’ ಎಷ್ಟು ಬೇಗ ಬರೆದರೆ ಅಷ್ಟು ಒಳ್ಳೆಯದು.

‘ಕನ್ನಡದಲ್ಲಿ ಬರೆಯಬಹುದಾ?’ ಅಂತ ಇನ್ನೊಬ್ಬರು.

ಬರೆಯಿರಿ. ಕಂಪನಿಯ ಕ್ಲೇಮ್ ವಿಭಾಗ ಮುಂಬೈಯಲ್ಲೋ ಪುಣೆಯಲ್ಲೋ ಇದ್ದರೆ ಬೇಗ ಆಗಲಿ ಅಂತ ಜೊತೆಗೆ ಇಂಗ್ಲಿಷ್ ಪ್ರತಿ ಇಡಿ. ಫೋನಿನಲ್ಲಿ ಮಾತಾಡಿ ಮುಗಿಸುವುದು ಮಾತ್ರ ಬೇಡ. ಕುಂದುಕೊರತೆ ವಿಭಾಗದ ಈಮೇಲ್‌ಗೇ ಕಳಿಸಿ, ದೂರಿನ ನಂಬರ್ ತಗೊಳ್ಳಿ.

‘ಆಮೇಲೂ ಕೊಡದಿದ್ದರೆ?’

ಕಂಪನಿಗೆ ಬರೆದು ಒಂದು ತಿಂಗಳು ಕಾಯಿರಿ. ಉತ್ತರ ಬರದಿದ್ದರೆ, ಅಥವಾ ಮತ್ತೆ ಇಲ್ಲ ಅಂದರೆ, ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. cioins.co.in ಮೂಲಕ ಮನೆಯಿಂದಲೇ ದೂರು ಹಾಕಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. 50 ಲಕ್ಷ ರೂಪಾಯಿವರೆಗಿನ ಜಗಳ ಅಲ್ಲಿ ನಡೆಯುತ್ತದೆ. ಕಂಪನಿಯ ಅಂತಿಮ ಉತ್ತರ ಬಂದು ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿನ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಸೋತರೆ ನೀವು ಗ್ರಾಹಕರ ಆಯೋಗಕ್ಕೆ ಹೋಗಬಹುದು. ಆದರೆ ಆಯೋಗದಲ್ಲಿ ಕೇಸು ನಡೆಯುತ್ತಿರುವಾಗ ಓಂಬುಡ್ಸ್‌ಮನ್ ಅದೇ ದೂರನ್ನು ಮುಟ್ಟುವುದಿಲ್ಲ. ಹಾಗಾಗಿ ಮೊದಲು ಎಲ್ಲಿ ಅಂತ ಯೋಚಿಸಿ.

ಬಸವರಾಜನ ಥರದ ಕೇಸಿಗೆ ನಾನು ಮೊದಲು ಓಂಬುಡ್ಸ್‌ಮನ್ ಅಂತೀನಿ. ಇಲ್ಲಿ ಇರುವುದು ಕಾಗದದ ಪ್ರಶ್ನೆ, ಸಾಕ್ಷಿಗಳ ಪಾಟೀಸವಾಲು ಬೇಕಾಗಿಲ್ಲ. ಮಾರಿದ ಹುಡುಗನನ್ನು ಕರೆಸಿ ಪ್ರಶ್ನಿಸಲೇಬೇಕು ಅನ್ನುವ ಕೇಸಾದರೆ ಆಯೋಗ ವಾಸಿ. ನೀವು ಇರುವ ಜಿಲ್ಲೆಯಲ್ಲೇ ಹಾಕಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಅಲ್ಲಿ ಶುಲ್ಕದ ಲೆಕ್ಕ ಕ್ಲೇಮ್ ಮೊತ್ತದ ಮೇಲಲ್ಲ, ನೀವು ಕಟ್ಟಿದ ದುಡ್ಡಿನ ಮೇಲೆ. ಅಂದರೆ ಪ್ರೀಮಿಯಂ ಮೇಲೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ, ಬಸವರಾಜ ಕಟ್ಟಿದ್ದು 14,800. ಗಡುವು ಎರಡು ವರ್ಷ. ಅದನ್ನು ಮೊದಲ ತಿರಸ್ಕಾರ ಪತ್ರದ ದಿನಾಂಕದಿಂದಲೇ ಎಣಿಸಿಕೊಳ್ಳಿ. ಕಂಪನಿಗೆ ನೆನಪೋಲೆ ಬರೆಯುತ್ತಾ ಕೂತರೆ ಗಡುವು ಮುಂದಕ್ಕೆ ಹೋಗುತ್ತದೆ ಅಂತ ನಂಬಬೇಡಿ.